ಹಳೆಯ ಫೋಟೊದ ಊರು ಪತ್ತೆ: ಪರದೆ, ಅಂಚು, ಹಿಂಬದಿ ಬರಹ

ಮನೆಯ ಟ್ರಂಕಿನಲ್ಲಿದ್ದ ಒಂದು ಕಪ್ಪು-ಬಿಳುಪು ಫೋಟೊವನ್ನು ಮುಂದಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಕುರ್ಚಿಯಲ್ಲಿ ಕುಳಿತ ಗಂಡ-ಹೆಂಡತಿ, ನಡುವೆ ನಿಂತ ಮಗು, ಹಿಂದೆ ಸರೋವರ ಮತ್ತು ಮೆಟ್ಟಿಲುಗಳನ್ನು ಬಿಡಿಸಿದ ಪರದೆ. ಸುತ್ತಲೂ ಬಿಳಿ ಅಂಚು, ಗರಗಸದ ಹಲ್ಲಿನಂತೆ ಕತ್ತರಿಸಿದ್ದು. ಹಿಂಬದಿಯಲ್ಲಿ ಮಾಸಿದ ನೇರಳೆ ಮೊಹರು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ‘ಉಡುಪಿ, ಶುಭಕೃತ್ ಸಂ॥ ಕಾರ್ತಿಕ’ ಎಂದಿದೆ. ಇದನ್ನು ತೆಗೆದದ್ದು ಯಾವ ಊರಿನಲ್ಲಿ?

ಪರದೆ

ಪರದೆಯಲ್ಲಿ ಬಿಡಿಸಿದ ದೃಶ್ಯಕ್ಕೂ ಊರಿಗೂ ಸಂಬಂಧವಿಲ್ಲ. ತಾಜ್‌ಮಹಲಿನ ಪರದೆ ಯಾವ ಪೇಟೆಯ ಸ್ಟುಡಿಯೊದಲ್ಲಾದರೂ ಇರಬಹುದಿತ್ತು. ನೋಡಬೇಕಾದದ್ದು ಬಟ್ಟೆಯ ಗಾಯಗಳನ್ನು: ಸುತ್ತಿಟ್ಟು ಬಿಡಿಸಿ ಬಿದ್ದ ಮಡಿಕೆ, ಹೊಲಿಗೆಯ ಗೆರೆ, ಬಣ್ಣ ಸೋರಿದ ಕಲೆ. ನಮ್ಮ ಫೋಟೊದಲ್ಲಿ ಮೆಟ್ಟಿಲ ಪಕ್ಕದ ಮೂರನೆಯ ಕಂಬದ ಬುಡದಲ್ಲಿ ಬಣ್ಣ ಎದ್ದುಹೋಗಿದೆ. ಸ್ಟುಡಿಯೊ ಹೆಸರಿರುವ ಇನ್ನೊಂದು ಫೋಟೊದಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಕಂಡರೆ ಪರದೆ ಒಂದೇ ಎನ್ನಬಹುದು. ಆದರೆ ಪರದೆ ಕೈ ಬದಲಿಸಬಹುದು, ಸ್ಟುಡಿಯೊ ಊರು ಬಿಡಬಹುದು. ಆದ್ದರಿಂದ ನೆಲಹಾಸು, ಕುರ್ಚಿಯ ಕೆತ್ತನೆಗಳೂ ಹೊಂದುತ್ತವೆಯೇ ಎಂದು ನೋಡಿ.

ಅಂಚು

ಅಂಚು ಕಾಲವನ್ನು ಹೇಳುತ್ತದೆ, ಊರನ್ನು ಹೇಳುವುದು ಅಪರೂಪ. ಹಲ್ಲಂಚು 1930ರ ದಶಕದಿಂದ 1960ರ ದಶಕದವರೆಗೆ ಬಹಳ ಬಳಕೆಯಲ್ಲಿತ್ತು. ಹಳೆಯ ನೆಗೆಟಿವ್‌ನಿಂದ ನಂತರ ಹಾಕಿಸಿದ ಪ್ರತಿಗೂ ಅದು ಬರಬಹುದು. ಬಿಳಿ ಅಂಚಿನಲ್ಲಿ ಇಂಗ್ಲಿಷಿನ ತಿಂಗಳು ಮತ್ತು ವರ್ಷ ಅಚ್ಚಾಗಿದ್ದರೆ ಮಾತ್ರ ನಿಲ್ಲಿ. ಆ ಕಾಲದ ಅಮೆರಿಕದ ಲ್ಯಾಬ್‌ಗಳ ಪ್ರತಿಗಳಲ್ಲಿ ಅದು ಸಾಮಾನ್ಯ. ಅದು ಕೂಡ ಫೋಟೊ ತೊಳೆದ ತಿಂಗಳು, ತೆಗೆದ ತಿಂಗಳಲ್ಲ.

ಹಿಂಬದಿ: ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು

ಮೊದಲು ಮೊಹರು. ನೇರ ಬೆಳಕಿನಲ್ಲಿ ಅದು ಬರೀ ಮಸುಕು. ಟಾರ್ಚನ್ನು ಒಂದು ಬದಿಯಿಂದ, ಕಾಗದಕ್ಕೆ ಬಹುತೇಕ ಸಮಾನಾಂತರವಾಗಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು, ಕಾಂಟ್ರಾಸ್ಟ್ ಹೆಚ್ಚಿಸಿದೆ. ಸ್ಟುಡಿಯೊದ ಹೆಸರು ಮೂಡಲಿಲ್ಲ, ಕೊನೆಯಲ್ಲಿ ‘...ಬೇ–19’ ಎಂಬಷ್ಟು ಮೂಡಿತು. ಬಾಂಬೆ–19 ಎಂದರೆ ಅಂಚೆ ವಲಯ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲು ದೊಡ್ಡ ನಗರಗಳ ವಿಳಾಸದಲ್ಲಿ ಇಂಥ ಸಂಖ್ಯೆ ಇರುತ್ತಿತ್ತು. ಹಲವೆಡೆ ಅದೇ ಸಂಖ್ಯೆ ಪಿನ್‌ನ ಕೊನೆಗೆ ಸೇರಿಕೊಂಡಿತು. ಬಾಂಬೆ–19 ಈಗಿನ 400019, ಮಾಟುಂಗಾ. ಬೆಂಗಳೂರು–3 ಈಗಿನ 560003, ಮಲ್ಲೇಶ್ವರ. ಬೆಂಗಳೂರು–4 ಈಗಿನ 560004, ಬಸವನಗುಡಿ. ನನಗೆ ಬಹಳ ಇಷ್ಟವಾದ ಉಪಾಯವಿದು: ಸ್ಟುಡಿಯೊ ಹೆಸರೇ ಗೊತ್ತಿಲ್ಲದೆಯೂ ಬಡಾವಣೆ ಸಿಕ್ಕಿಬಿಡುತ್ತದೆ. ಆದರೆ ಹಳೆಯ ಮೊಹರನ್ನು 1972ರ ನಂತರವೂ ಒತ್ತಿರಬಹುದು. ಆದ್ದರಿಂದ ಇದರಿಂದ ಜಾಗ ಹಿಡಿಯಿರಿ, ವರ್ಷವನ್ನು ಬೇರೆ ಕಡೆಯಿಂದ ಹಿಡಿಯಿರಿ.

ಹಾಗಾದರೆ ‘ಉಡುಪಿ’ ಏಕೆ? ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ಕಾಗದ ಬರೆಯುವಾಗ ಮೇಲ್ಗಡೆ ನಾವಿರುವ ಊರನ್ನೂ ತಾರೀಖನ್ನೂ ಬರೆಯುವುದು ನಮ್ಮಲ್ಲಿ ರೂಢಿ. ಫೋಟೊದ ಬೆನ್ನಿಗೂ ಅದೇ ಕೈ, ಅದೇ ರೂಢಿ. ಬರೀ ಊರಿನ ಹೆಸರು, ಅಲ್ಪವಿರಾಮ, ತಾರೀಖು ಇದ್ದರೆ ಅದು ಬರೆದವರಿದ್ದ ಊರು. ಫೋಟೊ ತೆಗೆದ ಊರು ಅದೇ ಆಗಿರಬೇಕಿಲ್ಲ. ‘ಉಡುಪಿಯಲ್ಲಿ ತೆಗೆಸಿದ್ದು’ ಎಂದಿದ್ದರೆ ತೆಗೆದ ಊರು. ‘ಧಾರವಾಡದಿಂದ’ ಎಂದಿದ್ದರೆ ಕಳುಹಿಸಿದ ಊರು. ‘ಮುಕ್ಕಾಂ’ ಅಥವಾ ‘ಕ್ಯಾಂಪ್’ ಇದ್ದರೆ ಬರೆದವರು ಸದ್ಯಕ್ಕೆ ತಂಗಿದ್ದ ಊರು, ಅವರ ಸ್ವಂತ ಊರು ಅಲ್ಲದಿರಬಹುದು. ಆದ್ದರಿಂದ ಊರಿನ ಹೆಸರಿನ ಮುಂದೆ ಯಾವ ವಿಭಕ್ತಿ ಇದೆ, ಅಥವಾ ಏನೂ ಇಲ್ಲವೇ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶುಭಕೃತ್ 1902–03ರಲ್ಲಿ ಬಂದಿತ್ತು, ಮತ್ತೆ 1962–63ರಲ್ಲಿ, ಆಮೇಲೆ 2022–23ರಲ್ಲಿ. ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದು 1940ರ ದಶಕದ ನಡುವಿನಲ್ಲಿ, ಆದ್ದರಿಂದ 1902 ಅಸಾಧ್ಯ. ಈ ಬರಹವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದ್ದರಿಂದ 2022 ಕೂಡ ಅಲ್ಲ. ಉಳಿದದ್ದು 1962ರ ಕಾರ್ತಿಕ. ಆ ವರ್ಷ ದೀಪಾವಳಿ ಅಕ್ಟೋಬರ್ ಕೊನೆಗೆ ಬಂದಿತ್ತು, ಹಾಗಾಗಿ ಬಹುಪಾಲು ನವೆಂಬರ್. ಆದರೆ ಇದು ಬರೆದ ತಿಂಗಳು. ಫೋಟೊ ಅದಕ್ಕೂ ಹಳೆಯದಾಗಿರಬಹುದು.

ಒಂದು ಮಾತು: ಪೇಪರಿನ ಬೆನ್ನಿಗೆ ಅಚ್ಚಾದ ಕೊಡಾಕ್, ಆಗ್ಫಾ ಹೆಸರುಗಳು ಕಾಗದ ತಯಾರಕರವು, ಸ್ಟುಡಿಯೊದವಲ್ಲ. ಪೆನ್ಸಿಲಿನ ಸಂಖ್ಯೆ ಸಾಮಾನ್ಯವಾಗಿ ಸ್ಟುಡಿಯೊದ ನೆಗೆಟಿವ್ ಅಥವಾ ಆರ್ಡರ್ ಸಂಖ್ಯೆ. ಒಂದೇ ಸ್ಟುಡಿಯೊದ ಎರಡು ಫೋಟೊಗಳಲ್ಲಿ ಹತ್ತಿರದ ಸಂಖ್ಯೆಗಳಿದ್ದರೆ ಅವು ಕಾಲದಲ್ಲೂ ಹತ್ತಿರ ಇರಬಹುದು.

ನನ್ನ ಪಟ್ಟಿಯಲ್ಲಿ ಈ ಫೋಟೊವನ್ನು ಹೀಗೆ ದಾಖಲಿಸಿದ್ದೇನೆ: ತೆಗೆದ ಜಾಗ, ಬಹುಶಃ ಮಾಟುಂಗಾ, ಬಾಂಬೆ (ಆಧಾರ: ಮೊಹರು). ಬರೆದ ಊರು, ಉಡುಪಿ (ಆಧಾರ: ಬರಹ). ಕಾಲ, 1962ರ ಕಾರ್ತಿಕಕ್ಕಿಂತ ಈಚಿನದಲ್ಲ. ಇದನ್ನು ಫೋಟೊದ ಬೆನ್ನ ಮೇಲೆ ಬರೆಯಲಿಲ್ಲ, ಅದನ್ನಿಟ್ಟ ಲಕೋಟೆಯ ಮೇಲೆ ಬರೆದಿದ್ದೇನೆ.