ಸಿಂಪಥೆಟಿಕ್ ಇನ್‌ರಶ್: ಪಕ್ಕದ್ದು ಟ್ರಿಪ್ ಆದರೆ ಸಾಲದು

ಮೊನ್ನೆ ಮತ್ತೊಂದು ಟ್ರಿಪ್ಪಿಂಗ್ ರಿಪೋರ್ಟ್ ಕೈಗೆ ಬಂತು. ಒಂದು 11 ಕೆವಿ ಫೀಡರ್ ಮೇಲೆ ಕೊಂಬೆ ಬಿದ್ದಿದೆ, ಅದು ಟ್ರಿಪ್ ಆಗಿದೆ. ಜೊತೆಗೆ ಏನೂ ಆಗದ ಪಕ್ಕದ ಫೀಡರ್ ಕೂಡ ಹೋಗಿದೆ. ಕಾರಣದ ಕಾಲಂನಲ್ಲಿ ‘ಸಿಂಪಥೆಟಿಕ್ ಇನ್‌ರಶ್’ ಅಂತ ಬರೆದಿದ್ದಾರೆ. ಈ ವರ್ಷ ಇದು ಎಷ್ಟನೇ ಸಲವೋ. ಅಲ್ಲಿ ಆಗಿದ್ದು ಸಿಂಪಥೆಟಿಕ್ ಟ್ರಿಪ್ಪಿಂಗ್. ಒಂದು ಕಡೆ ಫಾಲ್ಟ್ ಆದಾಗ ಚೆನ್ನಾಗಿರುವ ಇನ್ನೊಂದು ಫೀಡರ್‌ನ ರಿಲೇ ಮೋಸ ಹೋಗುವುದು ಅದು. ಇನ್‌ರಶ್ ಅಂದರೆ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿದಾಗ ಅದು ಎಳೆಯುವ ಭಾರೀ ಕರೆಂಟ್, ಅದಕ್ಕೆ ಫಾಲ್ಟ್ ಬೇಕಿಲ್ಲ. ಇಲ್ಲಿ ಎಲ್ಲವೂ ಆರೋಗ್ಯವಾಗಿರುತ್ತದೆ, ಒಂದು ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುತ್ತೀರಿ, ಆಗಲೇ ಓಡುತ್ತಿದ್ದ ಇನ್ನೊಂದರ ಕೋರ್ ಸ್ಯಾಚುರೇಶನ್‌ಗೆ ಹೋಗುತ್ತದೆ, ಅಂದರೆ ಇನ್ನಷ್ಟು ಕಾಂತೀಯ ಫ್ಲಕ್ಸ್ ಹಿಡಿಯಲಾರದೆ ಅದೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಎರಡರಲ್ಲೂ ಇರುವ ಪದ ಒಂದೇ, ಆದರೆ ಕಾರಣ ಬೇರೆ, ಪರಿಹಾರವೂ ಬೇರೆ.

ಗೊಂದಲಕ್ಕೆ ‘ಸಿಂಪಥೆಟಿಕ್’ ಅನ್ನೋ ಪದವೇ ಕಾರಣ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೂಲ ಗ್ರೀಕ್‌ನದು. ‘ಸುನ್’ ಅಂದರೆ ಜೊತೆಗೆ, ‘ಪಾಥೋಸ್’ ಅಂದರೆ ಒಬ್ಬರು ಅನುಭವಿಸುವುದು. ನಮ್ಮ ‘ಸಹಾನುಭೂತಿ’ಯೂ ಅದೇ ಅಚ್ಚಿನದು: ಸಹ, ಅನುಭೂತಿ. ಅದರಲ್ಲಿ ‘ಅಯ್ಯೋ ಪಾಪ’ ಅನ್ನೋ ಅರ್ಥ ಆಮೇಲೆ ಸೇರಿಕೊಂಡದ್ದು. ನನಗೆ ಇದಕ್ಕಿಂತ ಇಷ್ಟವಾದ ಪದ ‘ಅನುಕಂಪ’. ಕಂಪ ಅಂದರೆ ನಡುಕ, ಭೂಕಂಪದಲ್ಲಿ ಇರುವುದೂ ಅದೇ. ಇನ್ನೊಬ್ಬರು ನಡುಗಿದಾಗ ತಾನೂ ಹಿಂದೆಯೇ ನಡುಗುವುದು ಅನುಕಂಪ. ಟ್ರಾನ್ಸ್‌ಫಾರ್ಮರ್ ಯಾರ್ಡ್‌ನಲ್ಲಿ ನಿಂತು ಇದನ್ನು ಕಿವಿಯಾರೆ ಕೇಳಿದವರಿಗೆ ಈ ಪದ ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಹೊಸದು ಗುಡುಗುತ್ತದೆ, ಒಂದು ಕ್ಷಣ ಬಿಟ್ಟು ಹಳೆಯದರ ಗುಂಯ್ ಸದ್ದು ಭಾರವಾಗುತ್ತದೆ.

ಆದರೆ ಇಲ್ಲೇ ಹಲವರು ಜಾರುತ್ತಾರೆ. ಸಿತಾರ್‌ನಲ್ಲಿ ಮೀಟದೇ ಇದ್ದರೂ ತರಬ್ ತಂತಿ ಮಿಡಿಯುತ್ತದಲ್ವಾ, ಇದೂ ಹಾಗೇ ಅಂತ ಪಾಠ ಮಾಡುತ್ತಾರೆ. ಹಾಗಲ್ಲ. ತರಬ್ ಮಿಡಿಯುವುದು ಶ್ರುತಿ ಕೂಡಿದ್ದಕ್ಕೆ. ಇಲ್ಲಿ ಶ್ರುತಿಯ ಮಾತೇ ಇಲ್ಲ. ಅಷ್ಟೇ ಅಲ್ಲ, ತರಬ್ ತಂತಿ ಜೊತೆಯಲ್ಲೇ ಮಿಡಿಯುತ್ತದೆ, ಹಳೇ ಟ್ರಾನ್ಸ್‌ಫಾರ್ಮರ್ ಹೊಸದರ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಈ ಉಲ್ಟಾ ಅನ್ನೋದನ್ನು ಬಿಟ್ಟರೆ ವಿಷಯ ಅರ್ಥವಾಗುವುದೇ ಇಲ್ಲ.

ಒಂದು 110/11 ಕೆವಿ ಸ್ಟೇಷನ್ ತೆಗೆದುಕೊಳ್ಳಿ. ತಲಾ 20 ಎಂವಿಎಯ ಎರಡು ಟ್ರಾನ್ಸ್‌ಫಾರ್ಮರ್, ಎರಡಕ್ಕೂ ಸೇರಿ ಒಂದೇ ಉದ್ದನೆಯ ಲೈನ್. ಆ ಲೈನಿನ ರೆಸಿಸ್ಟೆನ್ಸ್ 8 ಓಮ್ ಅಂತ ಇಟ್ಟುಕೊಳ್ಳಿ. ಹಳೇದು ಲೋಡ್ ಮೇಲಿದೆ, ಹೊಸದರ ಬ್ರೇಕರ್ ಹಾಕಿದಿರಿ. ಒಂದು ಫೇಸ್‌ನಲ್ಲಿ ಇನ್‌ರಶ್ ಪಾಸಿಟಿವ್ ಕಡೆ ಮಾತ್ರ ಚುಚ್ಚಿಕೊಂಡು ಬಂತು. ಅದರ ಸರಾಸರಿ, ಅಂದರೆ ಡಿಸಿ ಭಾಗ, 100 ಆಂಪ್ ಅನ್ನಿ. ಆ 100 ಆಂಪ್ 8 ಓಮ್‌ನಲ್ಲಿ ಹರಿದರೆ ಸರಾಸರಿ 800 ವೋಲ್ಟ್ ಕಡಿಮೆಯಾಯಿತು. ಈ ಇಳಿತ ಆಗುವುದು ಕರೆಂಟ್ ಪಾಸಿಟಿವ್ ಕಡೆ ಚುಚ್ಚುವಾಗ ಮಾತ್ರ, ಅದನ್ನು ಸರಿದೂಗಿಸಲು ಎದುರು ದಿಕ್ಕಿನ ಇಳಿತ ಇಲ್ಲ. ಹಾಗಾಗಿ ಎರಡಕ್ಕೂ ವಿದ್ಯುತ್ ಕೊಡುವ ಕಂಬಿಯ, ಅಂದರೆ ಬಸ್‌ನ ವೋಲ್ಟೇಜ್ ಒಂದು ಕಡೆ ವಾಲಿತು, ಅದೇ ಬಸ್ ಮೇಲಿರುವ ಹಳೇದರ ಫ್ಲಕ್ಸ್ ಪ್ರತಿ ಸೈಕಲ್‌ಗೆ ಸ್ವಲ್ಪ ಸ್ವಲ್ಪ ನೆಗೆಟಿವ್ ಕಡೆಗೆ ಸರಿಯುತ್ತಾ ಹೋಯಿತು. ಎಷ್ಟು? 800 ವೋಲ್ಟ್ ಇಂಟು 20 ಮಿಲಿಸೆಕೆಂಡ್, 16 ವೋಲ್ಟ್-ಸೆಕೆಂಡ್. ಆ ವೋಲ್ಟೇಜ್‌ಗೆ ಫ್ಲಕ್ಸ್‌ನ ಮಾಮೂಲಿ ಶಿಖರ ಸುಮಾರು 286 ವೋಲ್ಟ್-ಸೆಕೆಂಡ್. ಅಂದರೆ ಒಂದು ಸೈಕಲ್‌ಗೆ ಶೇ 5ಕ್ಕಿಂತ ಸ್ವಲ್ಪ ಜಾಸ್ತಿ. ಕೋರ್‌ಗೆ ಶೇ 20ರಷ್ಟು ಜಾಗ ಉಳಿದಿದ್ದರೆ ನಾಲ್ಕೈದು ಸೈಕಲ್‌ನಲ್ಲಿ ಅದು ಮುಗಿಯಿತು. ಆಮೇಲೆ ಹಳೇದೂ ಕರೆಂಟ್ ಎಳೆಯಲು ಶುರುಮಾಡುತ್ತದೆ, ನೆಗೆಟಿವ್ ಶಿಖರಗಳಲ್ಲಿ. ಹೊಸದು ಒಂದು ಅರ್ಧದಲ್ಲಿ, ಹಳೇದು ಇನ್ನೊಂದು ಅರ್ಧದಲ್ಲಿ.

ಇಲ್ಲಿಂದ ಮುಂದಿನದ್ದು ನಿಜಕ್ಕೂ ತೊಂದರೆ ಕೊಡುವ ಭಾಗ. ಹೊಸದನ್ನು ಸ್ಯಾಚುರೇಶನ್‌ನಿಂದ ಹೊರಗೆ ತರುತ್ತಿದ್ದದ್ದು ಮುಖ್ಯವಾಗಿ ಅದೇ ಲೈನಿನ ಇಳಿತ. ಈಗ ಎರಡೂ ಎದುರು ಬದುರು ಎಳೆಯುತ್ತಿವೆ, ಲೈನಿನಲ್ಲಿ ಡಿಸಿ ಹೆಚ್ಚುಕಡಿಮೆ ಸೊನ್ನೆ. ಡಿಸಿ ಎರಡು ಟ್ರಾನ್ಸ್‌ಫಾರ್ಮರ್‌ಗಳ ನಡುವೆಯೇ ಸುತ್ತುತ್ತಿದೆ, ಅದನ್ನು ಕರಗಿಸಲು ಉಳಿದಿರುವುದು ವೈಂಡಿಂಗ್‌ಗಳ ಸಣ್ಣ ರೆಸಿಸ್ಟೆನ್ಸ್ ಮಾತ್ರ. ಒಂಟಿಯಾಗಿದ್ದರೆ ಬೇಗ ಇಳಿಯುತ್ತಿದ್ದ ಇನ್‌ರಶ್ ಈಗ ಹತ್ತಾರು ಸೆಕೆಂಡ್ ಎಳೆಯುತ್ತದೆ, ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ನಿಮಿಷ ದಾಟುವುದೂ ಉಂಟು.

ನಾನು ಕಂಡ ಒಂದು ಕೇಸ್ ಹೀಗೇ ಆಗಿತ್ತು. ಹೊಸದನ್ನು ಚಾರ್ಜ್ ಮಾಡಿ ಐದಾರು ಸೆಕೆಂಡ್ ಆದಮೇಲೆ ಹಳೇದು ಹೋಯಿತು. ಆಪರೇಟರ್ ಕೇಳಿದ್ದು ಸರಿಯಾದ ಪ್ರಶ್ನೆ: “ಸಾರ್, ಹಾಕಿದ್ದು ಅದನ್ನ, ಹೋಗಿದ್ದು ಇದು ಯಾಕೆ?” ಒಳಗೆ ಹೋದ ಕರೆಂಟನ್ನೂ ಹೊರಗೆ ಬಂದದ್ದನ್ನೂ ಹೋಲಿಸಿ ನೋಡುವ ಡಿಫರೆನ್ಷಿಯಲ್ ರಿಲೇ ಸುಮ್ಮನಿತ್ತು, ಹೋಗಿದ್ದು ನ್ಯೂಟ್ರಲ್‌ನಲ್ಲಿದ್ದ ಬ್ಯಾಕಪ್ ಅರ್ತ್ ಫಾಲ್ಟ್ ರಿಲೇಯಿಂದ. ಮೂರು ಫೇಸ್‌ನ ಸ್ಯಾಚುರೇಶನ್ ಒಂದೇ ಥರ ಇರುವುದಿಲ್ಲ, ಹಾಗಾಗಿ ನ್ಯೂಟ್ರಲ್‌ಗೆ ಕರೆಂಟ್ ಬರುತ್ತದೆ, ನಿಧಾನದ ರಿಲೇಗೂ ಎಣಿಕೆ ಮುಗಿಸುವಷ್ಟು ಹೊತ್ತು ಸಿಗುತ್ತದೆ. ಅದನ್ನು ನೋಡದೆ ಒಳ್ಳೇ ಟ್ರಾನ್ಸ್‌ಫಾರ್ಮರನ್ನು ಎರಡು ದಿನ ನಿಲ್ಲಿಸಿ ಆಯಿಲ್ ಟೆಸ್ಟ್, ಮೆಗ್ಗರ್ ಎಲ್ಲ ಮಾಡಿಸಿದರು. ಊರಿಗೆ ಎರಡು ದಿನ ಲೋಡ್ ಶೆಡ್ಡಿಂಗ್. ಡಿಸ್ಟರ್ಬೆನ್ಸ್ ರೆಕಾರ್ಡ್ ತೆಗೆದಿದ್ದರೆ ಹತ್ತು ನಿಮಿಷದ ಕೆಲಸ. ಹಳೇದರ ಕರೆಂಟ್ ಬ್ರೇಕರ್ ಹಾಕಿದ ತಕ್ಷಣ ಏರಿಲ್ಲ, ಕೆಲವು ಸೈಕಲ್ ಬಿಟ್ಟು ನಿಧಾನವಾಗಿ ಬೆಳೆದಿದೆ. ಶಿಖರಗಳು ಹೊಸದರ ಎದುರು ದಿಕ್ಕಿಗಿವೆ. ಒಳಗೆ ಫಾಲ್ಟ್ ಆಗಿದ್ದರೆ ಹೀಗೆ ಮೆಲ್ಲಗೆ ಬೆಳೆಯುವುದಿಲ್ಲ.

ಇನ್‌ರಶ್‌ನ ಎರಡು ಅರ್ಧಗಳು ಒಂದೇ ಥರ ಇರುವುದಿಲ್ಲ, ಹಾಗಾಗಿ ಅದರಲ್ಲಿ ಎರಡರಷ್ಟು ಫ್ರೀಕ್ವೆನ್ಸಿಯ ಭಾಗ, ಅಂದರೆ ಸೆಕೆಂಡ್ ಹಾರ್ಮೋನಿಕ್, ಜಾಸ್ತಿ ಇರುತ್ತದೆ, ಅದು ಕಂಡರೆ ರಿಲೇ ಟ್ರಿಪ್ ಕೊಡದೆ ತಡೆಯುತ್ತದೆ. ‘ಡಿಫರೆನ್ಷಿಯಲ್‌ಗೆ ಸೆಕೆಂಡ್ ಹಾರ್ಮೋನಿಕ್ ಬ್ಲಾಕಿಂಗ್ ಇದೆ, ಭಯವಿಲ್ಲ’ ಅನ್ನೋ ಮಾತು ಪ್ರತಿ ಟ್ರಾನ್ಸ್‌ಫಾರ್ಮರ್‌ಗೂ ಬೇರೆ ರಿಲೇ ಇದ್ದಾಗ ಬಹುಮಟ್ಟಿಗೆ ನಿಜ. ಎರಡಕ್ಕೂ ಸೇರಿ ಒಂದೇ ರಿಲೇ ಇದ್ದರೆ ನಿಜವಲ್ಲ. ಒಂದರ ಪಾಸಿಟಿವ್ ಶಿಖರ, ಇನ್ನೊಂದರ ನೆಗೆಟಿವ್ ಶಿಖರ ಕೂಡಿದರೆ ಎರಡೂ ಅರ್ಧಗಳು ಒಂದೇ ಥರ ಕಾಣುತ್ತವೆ, ಸೆಕೆಂಡ್ ಹಾರ್ಮೋನಿಕ್ ಅಳಿಸಿಹೋಗುತ್ತದೆ. ಸಾಮಾನ್ಯವಾಗಿ ಇಡುವ ಶೇ 15ರ ಮಿತಿಗಿಂತ ಅದು ಕೆಳಗೆ ಬಂದರೆ ರಿಲೇ ಇದನ್ನು ಫಾಲ್ಟ್ ಅಂತಲೇ ಓದುತ್ತದೆ.

ಪರಿಹಾರವೂ ಆ ಲೆಕ್ಕದಲ್ಲೇ ಇದೆ. ಬೇಕಾಗಿರುವುದು ಎರಡಕ್ಕೂ ಸೇರಿದ ಆ ರೆಸಿಸ್ಟೆನ್ಸ್ ಮತ್ತು ಹೊಸದರ ಡಿಸಿ, ಎರಡರಲ್ಲಿ ಒಂದನ್ನು ಕಡಿಮೆ ಮಾಡುವುದು. ಇನ್ನೊಂದು ಲೈನ್ ಇದ್ದರೆ ಎರಡು ಬಸ್‌ಗಳನ್ನು ಸೇರಿಸುವ ಬಸ್ ಕಪ್ಲರ್ ತೆಗೆದು ಹೊಸದನ್ನು ಆ ಕಡೆಯಿಂದ ಚಾರ್ಜ್ ಮಾಡಿ, ಇನ್‌ರಶ್ ಇಳಿದಮೇಲೆ ಕಪ್ಲರ್ ಹಾಕಿ. ಪ್ರತಿ ಫೇಸನ್ನೂ ವೋಲ್ಟೇಜ್ ಶಿಖರದ ಹತ್ತಿರ ಹಾಕುವ ಕಂಟ್ರೋಲ್ಡ್ ಸ್ವಿಚಿಂಗ್ ಬ್ರೇಕರ್ ಇದ್ದರೆ ಇನ್‌ರಶ್ಶೇ ಚಿಕ್ಕದಾಗುತ್ತದೆ, ಆದರೆ ಕೋರ್‌ನಲ್ಲಿ ಫ್ಲಕ್ಸ್ ಉಳಿದಿದ್ದರೆ ಆ ಲೆಕ್ಕ ತಪ್ಪುತ್ತದೆ. ವೈಂಡಿಂಗ್ ರೆಸಿಸ್ಟೆನ್ಸ್ ಟೆಸ್ಟ್ ಮಾಡಲು ಡಿಸಿ ಕೊಟ್ಟಿರುತ್ತಾರಲ್ಲ, ಅದಾದಮೇಲೆ ಡಿಮ್ಯಾಗ್ನೆಟೈಸ್ ಮಾಡದೆ ಹಾಗೇ ಚಾರ್ಜ್ ಮಾಡುವುದು ನಮ್ಮಲ್ಲಿ ಮಾಮೂಲಿ. ಮೇಲೆ ಹೇಳಿದ ಕೇಸ್‌ನಲ್ಲೂ ಹಿಂದಿನ ದಿನ ಸಂಜೆ ಆ ಟೆಸ್ಟ್ ಆಗಿತ್ತು.