ನಗುವಿಗೆ ಅಡ್ಡ ಬರುವ ‘ಅಂತ ಹೇಳಿದರು’

ಮೇ 31 ಹತ್ತಿರ ಬಂದರೆ ಫೋನು ಶುರುವಾಗುತ್ತವೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಜೂನ್ 1 ಅಂತ ಜನ್ಮದಿನ ಬರೆದುಕೊಟ್ಟ ಒಂದು ಇಡೀ ತಲೆಮಾರು ಅವತ್ತೇ ನಿವೃತ್ತಿ ಆಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಕಡೆ ಬೀಳ್ಕೊಡುಗೆ. ಫೋನ್ ಮಾಡಿದವರ ಬೇಡಿಕೆಯೂ ಒಂದೇ: “ಸರ್, ಒಂದ್ ನಾಕು ಚಲೋ ಜೋಕ್ ಕೊಡ್ರಿ, ಭಾಷಣದಾಗ ಹಾಕ್ತೇನಿ.” ಒಗ್ಗರಣೆಗೆ ಸಾಸಿವೆ ಕೇಳಿದಂತೆ.

ಅವರ ಹತ್ತಿರ ಇರುವ ಜೋಕು ಸಾಮಾನ್ಯವಾಗಿ ಚಲೋನೇ ಇರುತ್ತದೆ. ಕಟ್ಟೆ ಮೇಲೆ ಕೂತು ಹೇಳಿದಾಗ ನಾಲ್ಕು ಮಂದಿ ನಕ್ಕಿರುತ್ತಾರೆ. ಅದೇ ಜೋಕು ಮೈಕಿನ ಮುಂದೆ ಸಾಯುವುದಕ್ಕೆ ಕಾರಣ ಅದರ ಕೊನೆಯ ಐದು ಶಬ್ದಗಳು. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಹೋಗಿ ಮತ್ತೆ ಅದನ್ನೇ ಮಾಡುತ್ತಾರೆ. ಹಾಗಾಗಿ ಇವತ್ತು ಒಂದೇ ಜೋಕನ್ನು ಬಿಚ್ಚಿ ತೋರಿಸುತ್ತೇನೆ.

ಒಬ್ಬ ಹೈಸ್ಕೂಲ್ ಹೆಡ್‌ಮಾಸ್ತರರ ಬೀಳ್ಕೊಡುಗೆ. ಸಹೋದ್ಯೋಗಿ ಭಾಷಣದಲ್ಲಿ ಹೀಗೆ ಬರೆದುಕೊಂಡಿದ್ದಾರೆ ಎಂದುಕೊಳ್ಳಿ:

“ಸರ್ ನಿವೃತ್ತಿ ಆದ್ಮ್ಯಾಗ ನೀವೇನ್ ಮಾಡ್ತೀರಿ ಅಂತ ನಾನು ವೈನಿಯವರನ್ನ ಕೇಳಿದಾಗ, ಅವರು, ಇನ್ನ ಇವರು ದಿನಾಪೂರ್ತಿ ಮನ್ಯಾಗ ಇರ್ತಾರ, ಅದಕ್ಕ ನಾ ಒಂದು ನೌಕರಿ ಹುಡುಕಾಕ ಹತ್ತೇನ್ರಿ ಅಂತ ನಗನಗತಾ ಹೇಳಿದರು.”

ನಗು ಹುಟ್ಟುವ ಶಬ್ದ ‘ನೌಕರಿ’. ಗಂಡ ನೌಕರಿ ಬಿಟ್ಟು ಮನೆಗೆ ಬರುತ್ತಿದ್ದಾನೆ, ಹೆಂಡತಿ ನೌಕರಿ ಹುಡುಕಿ ಮನೆ ಬಿಡುತ್ತಿದ್ದಾಳೆ. ಕೇಳುವವನ ತಲೆಯಲ್ಲಿ ಈ ಎರಡು ಕೂಡುವುದು ಆ ಶಬ್ದ ಕಿವಿಗೆ ಬಿದ್ದ ಮೇಲೆ. ಅದಾದ ಮೇಲೆ ಏನಿದೆ ನೋಡಿ: ಹುಡುಕಾಕ, ಹತ್ತೇನ್ರಿ, ಅಂತ, ನಗನಗತಾ, ಹೇಳಿದರು. ಐದು ಶಬ್ದ. ಸಾವಕಾಶ ಮಾತಾಡುವವರಿಗೆ ಎರಡು ಸೆಕೆಂಡು ಬೇಕು. ನಗಬೇಕೆಂದವನು ಬಾಯಿ ತೆರೆಯುವಷ್ಟರಲ್ಲಿ ಭಾಷಣಕಾರ ಇನ್ನೂ ಮಾತಾಡುತ್ತಿದ್ದಾನೆ. ದೊಡ್ಡವರು ಮಾತಾಡುವಾಗ ನಡುವೆ ನಗಬಾರದೆಂಬ ಮರ್ಯಾದೆ ನಮ್ಮ ಕಡೆ ಇನ್ನೂ ಇದೆ. ಅವನು ಬಾಯಿ ಮುಚ್ಚುತ್ತಾನೆ. ‘ಹೇಳಿದರು’ ಮುಗಿಯುವ ಹೊತ್ತಿಗೆ ನಗು ಒಳಗೇ ಆರಿರುತ್ತದೆ.

ಇದು ಭಾಷಣಕಾರನ ದಡ್ಡತನವಲ್ಲ, ಕನ್ನಡದ ಕಟ್ಟುಪಾಡು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇನ್ನೊಬ್ಬರ ಮಾತು ಹೇಳುವಾಗ ಅದರ ಬಾಲಕ್ಕೆ ‘ಅಂತ’ ಬಂದು, ಅದರ ಹಿಂದೆ ‘ಹೇಳಿದರು’ ಬರುತ್ತದೆ. ಬರೆದಾಗ ಅದು ಶುದ್ಧ ಕನ್ನಡ. ಆದರೆ ಜೋಕಿಗೆ ಬೇಕಾದದ್ದು ಉಲ್ಟಾ: ನಗುವಿನ ಶಬ್ದ ಕಟ್ಟಕಡೆಗೆ ಬರಬೇಕು, ಅದರ ಹಿಂದೆ ಏನೂ ಇರಬಾರದು. ಅದೃಷ್ಟಕ್ಕೆ ನಮ್ಮ ಆಡುಮಾತಿನಲ್ಲಿ ಇದಕ್ಕೆ ದಾರಿ ಇದೆ. “ಬಂದಾನೇನು ನಿಮ್ಮ ತಮ್ಮ?” ಎಂದು ದಿನಾ ಕೇಳುತ್ತೇವಲ್ಲ, ಹಾಗೆ ಕ್ರಿಯಾಪದ ಮುಂದೆ ತಂದರಾಯಿತು. ‘ಅಂದರು’ ಅನ್ನುವುದನ್ನೂ ಮಾತಿನ ಹಿಂದಿನಿಂದ ಕಿತ್ತು ಮುಂದಕ್ಕೆ ಹಾಕಬೇಕು.

“ಮೊನ್ನಿ ಸರ್ ಮನಿಗೆ ಹೋಗಿದ್ದೆ. ವೈನಿ, ನಾಳಿಂದ ಸರ್ ಮುಂಜಾನಿಂದ ಸಂಜಿತನಾ ಮನ್ಯಾಗ ಇರ್ತಾರ, ನೀವೇನ್ ವಿಚಾರ ಮಾಡೀರಿ ಅಂದೆ. ವೈನಿ ಅಂದ್ರು: ನಾ ಆಗ್ಲೇ ಹುಡುಕಾಕತ್ತೇನ್ರಿ… ನೌಕರಿ.”

ಇಲ್ಲಿ ಇನ್ನೆರಡು ಬದಲಾವಣೆಯಾಗಿದೆ. ‘ದಿನಾಪೂರ್ತಿ ಮನ್ಯಾಗ ಇರ್ತಾರ’ ಅನ್ನುವ ಕಾರಣ ಮೊದಲು ಉತ್ತರದೊಳಗಿತ್ತು, ಈಗ ಪ್ರಶ್ನೆಗೆ ಹೋಗಿದೆ. ನಗಲು ಬೇಕಾದ ಮಾಹಿತಿಯೆಲ್ಲ ಮೊದಲೇ ಕೈಗೆ ಸಿಕ್ಕಿರಬೇಕು, ಉತ್ತರದಲ್ಲಿ ಹೊಸ ವಿಷಯ ಒಂದೇ ಇರಬೇಕು. ಇನ್ನು ‘ನಗನಗತಾ’ ಹೋಯಿತು. ವೈನಿ ನಕ್ಕರೆಂದು ನೀವೇ ಹೇಳಿದರೆ ಸಭೆಗೆ ಏನು ಉಳಿಯಿತು? ಪ್ರಶ್ನೆಯ ಕೊನೆಯ ‘ಅಂದೆ’ ಮಾತ್ರ ಹಾಗೇ ಇದೆ. ಅಲ್ಲಿ ಯಾರೂ ನಗುವುದಿಲ್ಲವಾದ್ದರಿಂದ ಬಾಲ ಇದ್ದರೂ ನಡೆಯುತ್ತದೆ.

ಈಗ ವಿರಾಮ. ಅದರ ಜಾಗ ‘ಹುಡುಕಾಕತ್ತೇನ್ರಿ’ಗೂ ‘ನೌಕರಿ’ಗೂ ನಡುವೆ, ಅಷ್ಟೇ. ‘ವೈನಿ ಅಂದ್ರು’ ಆದ ಮೇಲೆ ನಿಲ್ಲುವವರೇ ಜಾಸ್ತಿ. ಅಲ್ಲಿ ನಿಂತರೆ ಕೇಳುವವನಿಗೆ ಕಾಯಲು ಕಾರಣವಿಲ್ಲ, ಉತ್ತರ ಬರುತ್ತದೆಂದು ಅವನಿಗೂ ಗೊತ್ತು. ‘ಹುಡುಕಾಕತ್ತೇನ್ರಿ’ ಎಂದು ನಿಂತರೆ ‘ಏನನ್ನ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆ ಏಳುವಷ್ಟು ಹೊತ್ತೇ ವಿರಾಮದ ಅಳತೆ. ಹೆಚ್ಚು ಕಡಿಮೆ ಒಂದು ಸೆಕೆಂಡು. ಗಡಿಯಾರ ಬೇಡ, ಮೂಗಿನಿಂದ ಒಮ್ಮೆ ಸಣ್ಣಗೆ ಉಸಿರು ಎಳೆದುಕೊಳ್ಳಿ, ಅಷ್ಟಾಗುತ್ತದೆ. ಇದರಿಂದ ಇನ್ನೊಂದು ಲಾಭ: ಉಸಿರು ಮುಗಿದು ಕೊನೆಯ ಶಬ್ದ ಗಂಟಲಲ್ಲೇ ಉಳಿಯುವುದು ತಪ್ಪುತ್ತದೆ. ಅರ್ಧ ಸೆಕೆಂಡಿಗಿಂತ ಕಡಿಮೆ ನಿಂತರೆ ಅದು ಅಲ್ಪವಿರಾಮ, ಯಾರ ಗಮನಕ್ಕೂ ಬರುವುದಿಲ್ಲ. ಎರಡು ಸೆಕೆಂಡು ದಾಟಿತೋ, ಜಾಣರು ಉತ್ತರ ಊಹಿಸಿಬಿಡುತ್ತಾರೆ, ಉಳಿದವರು ‘ಮರ್ತಾರ ಪಾಪ’ ಎಂದು ಕನಿಕರಪಡುತ್ತಾರೆ. ನಡುವೆ ನೀರು ಕುಡಿಯುವ ನಾಟಕ ದಯವಿಟ್ಟು ಬೇಡ.

ಒಂದು ಎಚ್ಚರಿಕೆ. ಕನ್ನಡದಲ್ಲಿ ಕ್ರಿಯಾಪದ ಬಂತೆಂದರೆ ವಾಕ್ಯ ಮುಗಿಯಿತು ಎಂದು ಕಿವಿಗೆ ರೂಢಿ. ‘ಹುಡುಕಾಕತ್ತೇನ್ರಿ’ ಅನ್ನುವಾಗ ದನಿ ಕೆಳಗೆ ಇಳಿದರೆ ಮಾತು ಮುಗಿಯಿತೆಂದೇ ತಿಳಿಯುತ್ತಾರೆ, ಆಮೇಲೆ ಬರುವ ‘ನೌಕರಿ’ ಅನಾಥ. ಆ ‘ರಿ’ಯನ್ನು ಮೇಲೆಯೇ ಹಿಡಿದಿಡಿ. ‘ನೌಕರಿ’ಯನ್ನು ಮಾತ್ರ ಕೆಳಗಿಳಿಸಿ, ಸಾದಾ ಮುಖದಿಂದ, ಪೂರ್ತಿ ದನಿಯಲ್ಲಿ ಹೇಳಿ. ನಗುವಿನ ಶಬ್ದವೇ ಕ್ರಿಯಾಪದವಾಗಿದ್ದರೆ ಈ ಕಸರತ್ತು ಏನೂ ಬೇಡ, ಸಹಜ ಕ್ರಮದಲ್ಲೇ ಅದು ಕೊನೆಗೆ ಬರುತ್ತದೆ. ಅದರ ಮುಂಚೆ ನಿಂತರೆ ಸಾಕು.

ಹೇಳಿದ ಮೇಲೆ ಸುಮ್ಮನಿರಬೇಕು. ಕಾಗದ ತಿರುವುವುದು, ಶಾಲು ಸರಿಪಡಿಸುವುದು, ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವುದು ಎಲ್ಲ ‘ನಗಬೇಡಿ’ ಎಂಬ ಸನ್ನೆಗಳೇ. ನಗು ಏರಿ, ತುದಿ ಮುಟ್ಟಿ, ಇಳಿಯತೊಡಗುತ್ತದೆ. ಇಳಿಯುವಾಗ, ಪೂರ್ತಿ ಆರುವ ಮೊದಲು ಮಾತು ಶುರು ಮಾಡಿ. ದೊಡ್ಡ ಪೆಂಡಾಲಿನಲ್ಲಿ ಇನ್ನೂ ಸ್ವಲ್ಪ ಕಾಯಬೇಕು. 2023ರ ಜನವರಿಯಲ್ಲಿ ಹಾವೇರಿ ಸಾಹಿತ್ಯ ಸಮ್ಮೇಳನಕ್ಕೆ ಹಾಕಿದಂಥ ಪೆಂಡಾಲನ್ನು ನೆನೆಸಿಕೊಳ್ಳಿ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ಕೂತವರ ನಗು ವೇದಿಕೆಗೆ ಮುಟ್ಟಲು ಸೆಕೆಂಡಿನ ಸುಮಾರು ಮೂರರಲ್ಲೊಂದು ಭಾಗ ಬೇಕು. ಮುಂದಿನವರದು ಆರಿತು ಎನ್ನುವಾಗ ಹಿಂದಿನವರದು ಬರುತ್ತಿರುತ್ತದೆ.

ಇಷ್ಟೆಲ್ಲ ಮಾಡಿಯೂ ಸಭೆ ಸುಮ್ಮನಿದ್ದರೆ? ಇರುತ್ತದೆ, ಎಷ್ಟೋ ಸಲ. ಎರಡು ಸೆಕೆಂಡಿನಲ್ಲಿ ಬಾರದ ನಗು ಸಾಮಾನ್ಯವಾಗಿ ಬರುವುದಿಲ್ಲ. ಆಗ ಮೊದಲು ನೋಡಬೇಕಾದದ್ದು ಐದನೇ ಸಾಲಿನ ಹಿಂದಿನವರನ್ನು. ಮುಂದಿನ ಸೋಫಾದ ಮೇಲಿನ ಗಣ್ಯರು ಪಕ್ಕದವರನ್ನು ನೋಡಿಯೇ ನಗುವವರು, ಅವರಿಂದ ಏನೂ ತಿಳಿಯುವುದಿಲ್ಲ. ಹಿಂದಿನವರು ಪಕ್ಕಕ್ಕೆ ತಿರುಗಿ ‘ಏನಂದ್ರು?’ ಅನ್ನುತ್ತಿದ್ದರೆ ಕೇಳಿಸಿಲ್ಲ. ಇದರ ಕಾರಣ ಬಹಳ ಸಲ ಒಂದೇ: ‘ನೌಕರಿ’ ಅನ್ನುವಾಗ ಭಾಷಣಕಾರ ಪ್ರೀತಿಯಿಂದ ವೇದಿಕೆ ಮೇಲಿದ್ದ ವೈನಿಯತ್ತ ಕತ್ತು ತಿರುಗಿಸಿದ, ಬಾಯಿ ಮೈಕು ಬಿಟ್ಟಿತು. ನಿಲುವು ಮೈಕಿಗೆ ಬಾಯಿ ಒಂದು ಗೇಣಿನೊಳಗೆ ಇರಬೇಕು. ಪ್ರಶ್ನೆ ಕೇಳುವಾಗ ಬೇಕಾದರೆ ವೈನಿಯನ್ನು ನೋಡಿ, ಉತ್ತರ ಮಾತ್ರ ಸಭೆಗೇ ಹೇಳಿ. ಕೇಳಿಸದಿದ್ದಾಗ ಮಾತ್ರ ಒಂದು ಸಲ ಮತ್ತೆ ಹೇಳಬಹುದು, ಅದೂ ಪೂರ್ತಿ ಜೋಕಲ್ಲ, “ನೌಕರಿ ಹುಡುಕಾಕತ್ತಾರ್ರಿ, ನೌಕರಿ” ಎಂದಷ್ಟೇ.

ಮುಖದ ಮೇಲೆ ಮುಗುಳ್ನಗೆ ಇದ್ದು ದನಿ ಇಲ್ಲದಿದ್ದರೆ ಜೋಕು ಮುಟ್ಟಿದೆ, ಜನಕ್ಕೆ ಗಟ್ಟಿಯಾಗಿ ನಗಲು ಸಂಕೋಚ. ಸ್ವಾಮಿಗಳು ವೇದಿಕೆ ಮೇಲಿರಬಹುದು, ಅಥವಾ 200 ಕುರ್ಚಿಯಲ್ಲಿ 50 ಮಂದಿ ಚದುರಿ ಕೂತಿರಬಹುದು. ಒಂಟಿಯಾಗಿ ಕೂತವನು ಗಟ್ಟಿಯಾಗಿ ನಗುವುದಿಲ್ಲ. ಅವರನ್ನು ಮುಂದೆ ಕೂಡಿಸುವುದು ಸಂಘಟಕರು ಮೊದಲೇ ಮಾಡಬೇಕಿದ್ದ ಕೆಲಸ. ಮುಖ ಖಾಲಿಯಿದ್ದರೆ ಅರ್ಥವಾಗಿಲ್ಲ, ಈಗ ರಿಪೇರಿ ಇಲ್ಲ. ಬಿಡಿಸಿ ಹೇಳಬೇಡಿ, ‘ತಿಳಿಲಿಲ್ಲ ಅನಸ್ತದ’ ಎಂದು ಸಭೆಯ ಮೇಲೆ ಹಾಕಬೇಡಿ, ನೀವೇ ನಗಬೇಡಿ.

ಮಾಡಬೇಕಾದದ್ದನ್ನು ಮನೆಯಲ್ಲೇ ಮಾಡಿಕೊಂಡು ಬಂದಿರಬೇಕು. ಪ್ರತಿ ಜೋಕಿನ ಕೆಳಗೆ ಒಂದು ಸೇತುವೆ ವಾಕ್ಯ ಬರೆದುಕೊಳ್ಳಿ, ನಕ್ಕರೂ ನಗದಿದ್ದರೂ ಹೊಂದುವಂಥದ್ದು. ಇಲ್ಲಿ: “ಯಾಕಂದ್ರ ವೈನಿಯವರಿಗೆ ಗೊತ್ತೈತಿ, ಈ ಮನುಷ್ಯಾ ಮನ್ಯಾಗೂ ಸುಮ್ನ ಕೂಡಾವಲ್ಲ, ಅಲ್ಲೂ ಬೆಲ್ ಹೊಡಸ್ತಾರ.” ನಗು ಬಂದಿದ್ದರೆ ಇದು ಎರಡನೇ ನಗು. ಬಾರದಿದ್ದರೆ ಮೇಲಿನದು ಜೋಕೇ ಅಲ್ಲ, ಸರ್ ಅವರ ಶಿಸ್ತಿನ ಬಗ್ಗೆ ಹೇಳಿದ ಪೀಠಿಕೆ. ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ‘ಈಗೊಂದು ಜೋಕ್ ಹೇಳ್ತೇನಿ’ ಎಂದು ಸಾರಿ ಶುರು ಮಾಡಿದವನಿಗೆ ಈ ಸೌಲಭ್ಯ ಇಲ್ಲ. ತೀರಾ ಮುಜುಗರವಾದರೆ ತನ್ನ ಮೇಲೇ ಒಂದು ಮಾತು ಹಾಕಿಕೊಳ್ಳಬಹುದು: “ಮನ್ಯಾಗ ಹೇಳಿದಾಗ ನಕ್ಕಿದ್ರು. ನಮ್ಮ ಮನಿ ಮಂದಿ ಭಾಳ ಚಲೋರು.” ಒಂದು ಭಾಷಣಕ್ಕೆ ಒಂದೇ ಸಲ. ಎರಡನೇ ಸಲಕ್ಕೆ ಸಭೆ ನಿಮಗಾಗಿ ನೋಯತೊಡಗುತ್ತದೆ.

ಅಂದಹಾಗೆ, ಈ ಜೋಕು ಎಲ್ಲ ಮನೆಗೂ ಹೊಂದುವುದಿಲ್ಲ. ವೈನಿಯವರು ಆಗಲೇ ನೌಕರಿಯಲ್ಲಿದ್ದರೆ ಇದಕ್ಕೆ ಅರ್ಥವೇ ಇಲ್ಲ. ಇಲ್ಲದಿದ್ದರೂ, ವೇದಿಕೆ ಮೇಲೆ ಅವರ ಬಾಯಲ್ಲಿ ಮಾತು ಇಡುವ ಮುಂಚೆ ಅವರನ್ನು ಒಂದು ಮಾತು ಕೇಳಿ.

ಉಳಿದದ್ದು ಕಾಗದ. ನಗುವಿನ ಶಬ್ದವನ್ನು ಹೊಸ ಸಾಲಿನಲ್ಲಿ ಒಂದೇ ಬರೆಯಿರಿ, ಕಣ್ಣು ಕೆಳಗಿಳಿಯುವಾಗಲೇ ವಿರಾಮ ತಾನಾಗಿ ಬೀಳುತ್ತದೆ. ಅದರ ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ಕೆಂಪು ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯೇ ಇರಲಿ, ‘ಇಲ್ಲಿ ಸುಮ್ಮನಿರಬೇಕು’ ಎಂದು ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ಗಾಬರಿಯಲ್ಲಿದ್ದವರು ಅದನ್ನೂ ಓದಿಬಿಡುತ್ತಾರೆ.