ಮನೆ ಏಳುವ ಮುನ್ನ ತೆರಿಗೆ, ಎದ್ದ ಮೇಲೆ ವಿನಾಯಿತಿ

ನಿರ್ಮಾಣ ಹಂತದಲ್ಲಿರುವ ಫ್ಲಾಟನ್ನು ಕೊಂಡವರು ಎರಡು ಕಾನೂನುಗಳಿಗೆ ಒಟ್ಟಿಗೇ ಸಿಕ್ಕಿಕೊಳ್ಳುತ್ತಾರೆ. ಬಿಲ್ಡರ್‌ಗೆ ಕಟ್ಟುವ ಪ್ರತಿ ಕಂತಿನ ಮೇಲೂ ಜಿಎಸ್‌ಟಿ ಬೀಳುತ್ತದೆ, ಏಕೆಂದರೆ ಆ ಕಾನೂನಿನ ಲೆಕ್ಕದಲ್ಲಿ ಗ್ರಾಹಕನಿಗೆ ಈಗಾಗಲೇ ನಿರ್ಮಾಣ ಸೇವೆ ಸಲ್ಲುತ್ತಿದೆ. ಅದೇ ಕಂತಿಗಾಗಿ ಪಡೆದ ಸಾಲದ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಹೋದರೆ, ಮನೆಯೇ ಇನ್ನೂ ಇಲ್ಲವಲ್ಲ, ಕಾಯಿರಿ ಎಂಬ ಉತ್ತರ ಬರುತ್ತದೆ. ಕಟ್ಟಡ ಒಂದೇ ಆದರೂ ಒಂದು ಕಾನೂನಿಗೆ ಅದು ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದಿಲ್ಲ.

ಈ ಕಥೆಯ ಮೊದಲ ಅರ್ಧಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಜಮೀನಿನ ಅವಿಭಜಿತ ಪಾಲು ಮತ್ತು ಫ್ಲಾಟಿನ ನಿರ್ಮಾಣವನ್ನು ಒಪ್ಪಂದಗಳ ಮೂಲಕ ಒಟ್ಟುಗೂಡಿಸಿ ಮಾರುವ ವ್ಯವಹಾರದಲ್ಲಿ ಬಿಲ್ಡರ್ ಮಾಡುತ್ತಿರುವುದು ತೆರಿಗೆ ಬೀಳದ ಸ್ಥಿರಾಸ್ತಿಯ ಮಾರಾಟವೋ ಅಥವಾ ತೆರಿಗೆ ಬೀಳುವ, ಗ್ರಾಹಕನ ಪರವಾಗಿ ನಡೆಸುವ ಕಾಮಗಾರಿ ಗುತ್ತಿಗೆಯೋ ಎಂಬ ಪ್ರಶ್ನೆ ರಾಜ್ಯದ ಮಾರಾಟ ತೆರಿಗೆ ಕಾಯ್ದೆಯಡಿ ಎದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಟ್ಟಡ ಪೂರ್ಣಗೊಳ್ಳುವ ಮೊದಲೇ ಒಪ್ಪಂದವಾಗಿದ್ದರೆ ಅದು ಕಾಮಗಾರಿ ಗುತ್ತಿಗೆಯೇ ಎಂದು 2005ರಲ್ಲಿ ಕೆ. ರಹೇಜಾ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಆ ತೀರ್ಪಿನ ಬಗ್ಗೆ ಶಂಕೆ ಮೂಡಿ ವಿಷಯ ದೊಡ್ಡ ಪೀಠಕ್ಕೆ ಹೋದಾಗ, 2013ರ ಸೆಪ್ಟೆಂಬರ್‌ನಲ್ಲಿ ಲಾರ್ಸನ್ ಅಂಡ್ ಟೂಬ್ರೊ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನೇ ಎತ್ತಿಹಿಡಿದರು. ಒಪ್ಪಂದ ಕಟ್ಟಡ ಮುಗಿಯುವ ಮೊದಲು ಆಯಿತೋ, ಮುಗಿದ ಮೇಲೋ ಎಂಬ ಇಂದಿನ ಗೆರೆಗೆ ಬೇರು ಇಲ್ಲಿದೆ.

ಕೇಂದ್ರ ಸರ್ಕಾರ ಇದೇ ಗೆರೆಯನ್ನು ಹಿಡಿದು 2010ರ ಜುಲೈ 1ರಿಂದ ಸೇವಾ ತೆರಿಗೆ ಹಾಕಿತು. ಜಮೀನಿನ ಬೆಲೆಗೆಂದು ಬೆಲೆಯ ಮುಕ್ಕಾಲು ಭಾಗವನ್ನು ಬಿಟ್ಟಿದ್ದರಿಂದ ಆಗ ಗ್ರಾಹಕನಿಗೆ ತಗಲುತ್ತಿದ್ದದ್ದು ಶೇ 2.575 ಮಾತ್ರ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಜಮೀನಿಗಾಗಿ ಮೂರನೇ ಒಂದು ಪಾಲು ಕಳೆದ ಬಳಿಕವೂ ಹೊರೆ ಶೇ 12ಕ್ಕೆ ಏರಿತು. ಸಿಮೆಂಟು, ಕಬ್ಬಿಣಗಳ ಮೇಲೆ ಕಟ್ಟಿದ ತೆರಿಗೆಯನ್ನು ಬಿಲ್ಡರ್ ಮರಳಿ ಪಡೆದು ಬೆಲೆ ಇಳಿಸಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರವಾಗಿತ್ತು, ಆದರೆ ಇಳಿಸಿದ್ದಾರೋ ಇಲ್ಲವೋ ಎಂಬುದನ್ನು ಕೊಳ್ಳುವವನು ಪರೀಕ್ಷಿಸುವ ದಾರಿ ಇರಲಿಲ್ಲ. 2019ರ ಏಪ್ರಿಲ್ 1ರಿಂದ ಆ ಸೌಲಭ್ಯವನ್ನೇ ತೆಗೆದುಹಾಕಿ ದರವನ್ನು ಶೇ 5ಕ್ಕೆ ಇಳಿಸಲಾಯಿತು. ಬೆಲೆ 45 ಲಕ್ಷ ರೂಪಾಯಿ ಮೀರದ, ಬೆಂಗಳೂರಿನಂಥ ಮಹಾನಗರದಲ್ಲಿ 60 ಚದರ ಮೀಟರ್ ಮತ್ತು ಉಳಿದೆಡೆ 90 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದೊಳಗಿನ ಮನೆಗೆ ಶೇ 1.

ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಬಂದ ಮೇಲೆ ಅಥವಾ ಮೊದಲ ವಾಸ ಆರಂಭವಾದ ಮೇಲೆ ಮಾರಿದ ಫ್ಲಾಟಿಗೆ ಜಿಎಸ್‌ಟಿ ಇಲ್ಲ. ಇಲ್ಲಿಯೇ ಹಲವರು ಎಡವುತ್ತಾರೆ. ಸಂಪೂರ್ಣ ಬೆಲೆಯೂ ಪ್ರಮಾಣಪತ್ರದ ನಂತರವೇ ಪಾವತಿಯಾಗಿರಬೇಕು ಎಂದು ಕಾನೂನು ಹೇಳುತ್ತದೆ. ಬುಕಿಂಗ್ ಹಣವನ್ನು ಮೊದಲೇ ಕೊಟ್ಟು, ಉಳಿದದ್ದನ್ನು ಪ್ರಮಾಣಪತ್ರ ಬರುವವರೆಗೆ ತಡೆಹಿಡಿದರೆ ತೆರಿಗೆ ಉಳಿಯುವುದಿಲ್ಲ. ಆ ಫ್ಲಾಟಿನ ಎಲ್ಲ ಕಂತುಗಳಿಗೂ ತೆರಿಗೆ ಬೀಳುತ್ತದೆ.

ಇನ್ನು ಬಡ್ಡಿಯ ಕಡೆಗೆ. 1961ರ ಆದಾಯ ತೆರಿಗೆ ಕಾಯ್ದೆಯ 24(ಬಿ) ಕಲಮಿನಲ್ಲಿದ್ದ, 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಗೂ ಬಂದ ನಿಯಮದ ಪ್ರಕಾರ ಮನೆ ಕಟ್ಟಲು ಅಥವಾ ಕೊಳ್ಳಲು ಪಡೆದ ಸಾಲದ ಬಡ್ಡಿಯನ್ನು ಮನೆಯ ಆದಾಯದಿಂದ ಕಳೆಯಬಹುದು. ಸ್ವಂತ ವಾಸದ ಮನೆಗೆ ಇದರ ವಾರ್ಷಿಕ ಮಿತಿ 2001ರಿಂದ ಒಂದೂವರೆ ಲಕ್ಷ ರೂಪಾಯಿ ಇತ್ತು, 2014ರ ಬಜೆಟ್‌ನಲ್ಲಿ ಎರಡು ಲಕ್ಷವಾಯಿತು. ಮನೆ ಮುಗಿಯುವ ಮುಂಚಿನ ವರ್ಷಗಳ ಬಡ್ಡಿಯನ್ನು ಮಾತ್ರ ಆಯಾ ವರ್ಷ ಕಳೆಯುವಂತಿಲ್ಲ. ಅದನ್ನೆಲ್ಲ ಕೂಡಿಟ್ಟು, ಮನೆ ಕೈಸೇರಿದ ಹಣಕಾಸು ವರ್ಷದಿಂದ ಆರಂಭಿಸಿ ಐದು ಸಮಾನ ಕಂತುಗಳಲ್ಲಿ ಕಳೆಯಬೇಕು. ಕೇಳಲು ಉದಾರವಾಗಿದೆ. ಆದರೆ ಈ ಹಳೆಯ ಬಡ್ಡಿಯ ಕಂತಿಗೆಂದು ಬೇರೆ ಮಿತಿಯಿಲ್ಲ, ಅದು ಕೂಡ ಎರಡು ಲಕ್ಷದೊಳಗೇ ಅಡಗಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ದಂಪತಿ 60 ಲಕ್ಷ ರೂಪಾಯಿಯ ಫ್ಲಾಟಿಗೆ 2020ರ ಜೂನ್‌ನಲ್ಲಿ 45 ಲಕ್ಷದ ಸಾಲ ಮಾಡಿದರು. ಬೆಲೆಯ ಮೇಲಿನ ಜಿಎಸ್‌ಟಿ ಮೂರು ಲಕ್ಷ, ಅದನ್ನೂ ಕಂತುಕಂತಾಗಿ ಕಟ್ಟಿದರು. ಪ್ರತಿ ಸ್ಲ್ಯಾಬ್ ಬಿದ್ದಂತೆ ಬ್ಯಾಂಕ್ ಸಾಲದ ಒಂದಷ್ಟನ್ನು ಬಿಡುಗಡೆ ಮಾಡಿ, ಬಿಡುಗಡೆಯಾದ ಮೊತ್ತಕ್ಕೆ ಮಾತ್ರ ಬಡ್ಡಿ ವಸೂಲಿ ಮಾಡಿತು. ಇದನ್ನೇ ಪ್ರಿ-ಇಎಂಐ ಎನ್ನುತ್ತಾರೆ. 2021ರ ಮಾರ್ಚ್ ಕೊನೆಗೆ 90 ಸಾವಿರ, ಮುಂದಿನ ವರ್ಷ 1.90 ಲಕ್ಷ, ಆಮೇಲೆ 2.80 ಲಕ್ಷ, 2023-24ರಲ್ಲಿ 3.40 ಲಕ್ಷ, ಹೀಗೆ ಒಟ್ಟು ಒಂಬತ್ತು ಲಕ್ಷ ಬಡ್ಡಿ ಹೋಯಿತು. 2024ರ ನವೆಂಬರ್‌ನಲ್ಲಿ ಮನೆ ಕೈಸೇರಿತು.

ಕೂಡಿಡುವ ಹಳೆಯ ಬಡ್ಡಿಯ ಅವಧಿ ಎಂದರೆ ಮನೆ ಸಿಕ್ಕ ಹಣಕಾಸು ವರ್ಷದ ಹಿಂದಿನ ಮಾರ್ಚ್ 31ರವರೆಗೆ ಮಾತ್ರ. ಹೀಗಾಗಿ 2024ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಬಡ್ಡಿ ಕೂಡಿಟ್ಟ ರಾಶಿಗೆ ಸೇರುವುದಿಲ್ಲ, ಆ ವರ್ಷದ ಬಡ್ಡಿಯಾಗಿಯೇ ಲೆಕ್ಕಕ್ಕೆ ಬರುತ್ತದೆ. ಒಂಬತ್ತು ಲಕ್ಷದ ಐದನೇ ಒಂದು ಪಾಲು ವರ್ಷಕ್ಕೆ 1.80 ಲಕ್ಷ. ಆದರೆ 2024-25ರ ಬಡ್ಡಿಯೇ 3.80 ಲಕ್ಷ. ಸಾಲವೂ ಮನೆಯೂ ಒಬ್ಬರ ಹೆಸರಿನಲ್ಲಷ್ಟೇ ಇದ್ದರೆ ಎರಡು ಲಕ್ಷದ ಮಿತಿ ಆ ವರ್ಷದ ಬಡ್ಡಿಯಲ್ಲೇ ತುಂಬಿಹೋಗುತ್ತದೆ, 1.80 ಲಕ್ಷದಲ್ಲಿ ಒಂದು ರೂಪಾಯಿಯೂ ದಕ್ಕುವುದಿಲ್ಲ. ಇಬ್ಬರೂ ಸಮಪಾಲಿನ ಸಹಮಾಲೀಕರೂ ಸಹಸಾಲಗಾರರೂ ಆಗಿದ್ದರೆ ಇಬ್ಬರಿಗೂ ಪ್ರತ್ಯೇಕವಾಗಿ ಎರಡು ಲಕ್ಷ ಸಿಗುತ್ತದೆ. ಆಗಲೂ ತಲಾ 1.90 ಲಕ್ಷ ಚಾಲ್ತಿ ಬಡ್ಡಿ ಕಳೆದ ಮೇಲೆ ಉಳಿಯುವುದು ತಲಾ ಹತ್ತು ಸಾವಿರದ ಜಾಗ. ಬಳಸದೆ ಹೋದ ಹಳೆಯ ಬಡ್ಡಿಯ ಕಂತನ್ನು ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋಗುವಂತಿಲ್ಲ. ಬ್ಯಾಂಕು, ಬಿಲ್ಡರ್‌ಗಳ ಮಾರಾಟ ಪ್ರತಿನಿಧಿಗಳು ಐದು ಕಂತಿನ ವಿನಾಯಿತಿಯನ್ನು ಹೇಳುವಷ್ಟು ಸಲೀಸಾಗಿ ಈ ಮಾತನ್ನು ಹೇಳುವುದಿಲ್ಲ. ಹದಿನೈದು ಲಕ್ಷದಷ್ಟು ಸಣ್ಣ ಸಾಲವಿದ್ದು ವರ್ಷದ ಬಡ್ಡಿ ಒಂದೂಕಾಲು ಲಕ್ಷದ ಆಸುಪಾಸಿನಲ್ಲಿರುವವರಿಗೆ ಮಾತ್ರ ಈ ಕಂತು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಬಾಡಿಗೆಗೆ ಕೊಟ್ಟ ಮನೆಗೆ ಬಡ್ಡಿಯ ಮಿತಿಯಿಲ್ಲ. ಆದರೆ ಮನೆಯಿಂದಾಗುವ ನಷ್ಟವನ್ನು ಸಂಬಳದಂಥ ಬೇರೆ ಆದಾಯದೊಂದಿಗೆ ವರ್ಷಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಸರಿದೂಗಿಸಲು 2017-18ರಿಂದ ಅವಕಾಶವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಆ ಎರಡು ಲಕ್ಷವೂ ಇಲ್ಲ, ಸ್ವಂತ ವಾಸದ ಮನೆಯ ಬಡ್ಡಿಯನ್ನಂತೂ ಕಳೆಯಲೇ ಆಗದು. 2023-24ರಿಂದ ತಾನಾಗಿಯೇ ಅನ್ವಯವಾಗುವುದು ಹೊಸ ಪದ್ಧತಿಯಾದ್ದರಿಂದ, ಬಡ್ಡಿ ಕಳೆಯಬೇಕಾದವರು ಹಳೆಯದನ್ನು ಆಯ್ದುಕೊಳ್ಳಬೇಕು.

ಎರಡು ಲಕ್ಷದ ಮಿತಿಗೂ ಒಂದು ಗಡುವಿದೆ. ಸಾಲ ಪಡೆದ ಹಣಕಾಸು ವರ್ಷ ಮುಗಿದ ಮೂರು ವರ್ಷದೊಳಗೆ ಮನೆ ಪೂರ್ಣಗೊಳ್ಳಬೇಕು ಎಂಬ ನಿಯಮವಿತ್ತು. ಯೋಜನೆಗಳು ವರ್ಷಗಟ್ಟಲೆ ಎಳೆಯುತ್ತಿದ್ದುದರಿಂದ 2016ರ ಬಜೆಟ್ ಅದನ್ನು ಐದು ವರ್ಷಕ್ಕೆ ವಿಸ್ತರಿಸಿತು. ಗಡುವು ತಪ್ಪಿದರೆ ಸ್ವಂತ ವಾಸದ ಮನೆಗೆ ಮಿತಿ ವರ್ಷಕ್ಕೆ 30 ಸಾವಿರಕ್ಕೆ ಕುಸಿಯುತ್ತದೆ, ವಿಳಂಬಕ್ಕೆ ಬಿಲ್ಡರ್ ಕಾರಣನಾಗಿದ್ದರೂ. ನಮ್ಮ ದಂಪತಿಗೆ ಆ ಗಡುವು 2026ರ ಮಾರ್ಚ್ 31 ಆಗಿತ್ತು. ಅದೇ ಸಾಲವನ್ನು ಅವರು ಎರಡೂವರೆ ತಿಂಗಳು ಮೊದಲು, 2020ರ ಮಾರ್ಚ್ ಮಧ್ಯದಲ್ಲಿ ಪಡೆದಿದ್ದರೆ ಗಡುವು ಇಡೀ ಒಂದು ವರ್ಷ ಹಿಂದೆ ಸರಿದು, 2025ರ ಮಾರ್ಚ್ 31ಕ್ಕೇ ಮುಗಿಯುತ್ತಿತ್ತು.